ವಿಷಯ: 2ನೇ ಲ್ಯಾಬಿನ ಕಂಪ್ಯೂಟರುಗಳಲ್ಲಿ ಜೊಟೆರೊ ಕನೆಕ್ಟರ್ ಎಂಬ ಒಂದು ಎಕ್ಸ್‌ಟೆನ್ಷನ್‌ಗೆ ಅನುಮತಿ ಕೋರಿ

ನಮಸ್ಕಾರ ಸರ್,

ಇತಿಹಾಸ ವಿಭಾಗದಿಂದ ಸುಜಾತಾ ಬರೆಯುತ್ತಿದ್ದೇನೆ. ಬೇಡಿಕೆ ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ. 2ನೇ ಲ್ಯಾಬಿನ 30 ಕಂಪ್ಯೂಟರುಗಳಲ್ಲಿ ಕ್ರೋಮ್ ಬ್ರೌಸರಿಗೆ ಜೊಟೆರೊ ಕನೆಕ್ಟರ್ ಅನ್ನುವ ಎಕ್ಸ್‌ಟೆನ್ಷನ್ ಹಾಕಿಕೊಳ್ಳಲು ಬಿಡಬೇಕು. ಅದೊಂದೇ ಸಾಕು. ಬೇರೆ ಎಕ್ಸ್‌ಟೆನ್ಷನ್‌ಗಳ ಮೇಲಿನ ತಡೆ ಈಗಿರುವ ಹಾಗೇ ಇರಲಿ.

ಆ ತಡೆ ಯಾಕೆ ಬಂತು ಅಂತ ನನಗೆ ನೆನಪಿದೆ. ಯಾರೋ ಹುಡುಗರು ರಿಯಾಯಿತಿ ಕೂಪನ್ನಿನ ಎಕ್ಸ್‌ಟೆನ್ಷನ್ ಹಾಕಿ, ಅರ್ಧ ಲ್ಯಾಬಿನಲ್ಲಿ ಬ್ರೌಸರ್ ತೆರೆದರೆ ಸಾಕು ಜಾಹೀರಾತಿನ ಪುಟ ಬರುತ್ತಿತ್ತು. ನೀವು ಎರಡು ದಿನ ಕೂತು ಸರಿಮಾಡಿದಿರಿ. ಹಾಗಾಗಿ ತಡೆ ತಪ್ಪು ಅಂತ ಹೇಳಲು ಈ ಪತ್ರ ಬರೆಯುತ್ತಿಲ್ಲ.

ಜೊಟೆರೊ ಸಾಫ್ಟ್‌ವೇರನ್ನು ಹೋದ ವರ್ಷ ನೀವೇ ಆ ಲ್ಯಾಬಿನಲ್ಲಿ ಹಾಕಿಕೊಟ್ಟಿದ್ದೀರಿ. ಅದು ಓದಿದ ಪುಸ್ತಕ, ಲೇಖನಗಳ ವಿವರವನ್ನು ಕೂಡಿಟ್ಟುಕೊಂಡು, ಪ್ರಬಂಧದ ಅಡಿಟಿಪ್ಪಣಿಯನ್ನೂ ಕೊನೆಯ ಗ್ರಂಥಸೂಚಿಯನ್ನೂ ತಾನೇ ಜೋಡಿಸಿಕೊಡುವ ಉಚಿತ ಸಾಫ್ಟ್‌ವೇರ್. ಆದರೆ ಬ್ರೌಸರಿನಲ್ಲಿ ಕಾಣುವ ವಿವರವನ್ನು ಅದರೊಳಗೆ ತಂದು ಹಾಕುವುದು ಈ ಕನೆಕ್ಟರ್. ಅದಿಲ್ಲದೆ ನಮ್ಮದು ಗಾಡಿ ಕೊಟ್ಟು ಎತ್ತನ್ನು ಕೊಟ್ಟಿಗೆಯಲ್ಲೇ ಕಟ್ಟಿಹಾಕಿದ ಸ್ಥಿತಿ. ಮಕ್ಕಳು ಶೀರ್ಷಿಕೆ, ಲೇಖಕರು, ವರ್ಷ, ಪ್ರಕಾಶಕರು ಎಲ್ಲವನ್ನೂ ಒಂದೊಂದಾಗಿ ಕಾಪಿ ಮಾಡಿ ಅಂಟಿಸುತ್ತಿದ್ದಾರೆ. ಒಂದು ಪುಸ್ತಕಕ್ಕೆ ಐದಾರು ಸಲ ಕಿಟಕಿ ಬದಲಿಸಬೇಕು. ಅದರಲ್ಲಿ ತಪ್ಪುಗಳು ಆಗೇ ಆಗುತ್ತವೆ.

ಹೋದ ಬುಧವಾರದ್ದೇ ಒಂದು ಹೇಳುತ್ತೇನೆ. ಎಂ.ಎ. ಕೊನೆಯ ವರ್ಷದ ಒಬ್ಬ ಹುಡುಗ ಕೊಡಗಿನ ಶಾಸನಗಳ ಮೇಲೆ ಕಿರುಪ್ರಬಂಧ ಬರೆಯುತ್ತಿದ್ದಾನೆ. ಎಪಿಗ್ರಾಫಿಯಾ ಕರ್ನಾಟಿಕದ ಮೊದಲ ಸಂಪುಟ ಕೊಡಗಿನದ್ದೇ. ಬಿ.ಎಲ್. ರೈಸ್ ಅದನ್ನು 1886ರಲ್ಲಿ ಹೊರತಂದರು. ಅವರೇ 1914ರಲ್ಲಿ ಪರಿಷ್ಕರಿಸಿದರು. ಆಮೇಲೆ 1972ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಹೊಸ ಪರಿಷ್ಕರಣೆ ತಂದಿತು. ಮೂರಕ್ಕೂ ಹೆಸರು ಒಂದೇ, ಮೂರೂ ಮೊದಲ ಸಂಪುಟವೇ. ಹುಡುಗ ಮೂರು ಟ್ಯಾಬಿನಲ್ಲಿ ಮೂರನ್ನೂ ತೆರೆದಿಟ್ಟುಕೊಂಡು ಕಾಪಿ ಮಾಡಿದ್ದಾನೆ. ಅಡಿಟಿಪ್ಪಣಿಯಲ್ಲಿ ಸಂಪಾದಕ ರೈಸ್, ವರ್ಷ 1972 ಅಂತಿದೆ. ರೈಸ್ ತೀರಿಕೊಂಡದ್ದು 1927ರಲ್ಲಿ. ಅಂದರೆ ನಮ್ಮ ಹುಡುಗನ ಪ್ರಕಾರ ಅವರು 45 ವರ್ಷದ ನಂತರ ಎದ್ದು ಬಂದು ಪುಸ್ತಕ ಅಚ್ಚು ಹಾಕಿಸಿದ್ದಾರೆ. ತರಗತಿಯಲ್ಲಿ ಎಲ್ಲರೂ ನಕ್ಕೆವು. ಆದರೆ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬರುವವರು ನಗುವುದಿಲ್ಲ, ಅಂಕ ಕಳೆಯುತ್ತಾರೆ.

ಕನೆಕ್ಟರ್ ಇದ್ದರೆ ಯಾವ ಪುಟ ತೆರೆದಿದೆಯೋ ಆ ಪುಟದ ವಿವರವೇ ಒಟ್ಟಿಗೆ ಬಂದು ಕೂರುತ್ತದೆ. ಒಂದರ ವರ್ಷ ಇನ್ನೊಂದರ ಸಂಪಾದಕರಿಗೆ ಅಂಟಿಕೊಳ್ಳುವುದಿಲ್ಲ. ಪುಸ್ತಕದ ಪುಟವಾದರೆ ಬ್ರೌಸರಿನ ಮೂಲೆಯಲ್ಲಿ ಪುಸ್ತಕದ ಚಿಹ್ನೆ ಕಾಣುತ್ತದೆ, ಲೇಖನವಾದರೆ ಹಾಳೆಯದ್ದು. ಒತ್ತಿದರೆ ಮುಗಿಯಿತು. ಹಾಗಂತ ಇದು ಮಂತ್ರದಂಡವಲ್ಲ. ತಾಣದಲ್ಲೇ ವರ್ಷ ತಪ್ಪಿದ್ದರೆ ತಪ್ಪು ವರ್ಷವೇ ಬರುತ್ತದೆ. ಹಳೆಯ ಪುಸ್ತಕಗಳ ವಿಷಯದಲ್ಲಿ archive.org ನಲ್ಲಿ ಅಂಥವು ಇರುತ್ತವೆ. ಅದನ್ನು ಹಿಡಿಯುವುದು ನನ್ನ ಕೆಲಸ, ಅದಕ್ಕೇ ನಾನು ಸಂಬಳ ತಗೊಳ್ಳೋದು. ಆದರೆ 26 ಮಕ್ಕಳ ಕಾಪಿ-ಪೇಸ್ಟ್ ತಪ್ಪನ್ನೂ ಹುಡುಕುತ್ತಾ ಕೂತರೆ ಶಾಸನದ ಪಾಠ ಯಾವಾಗ ನೋಡಲಿ?

ನೀವು ಒಂದು ಪ್ರಶ್ನೆ ಕೇಳಬಹುದು: ಜೊಟೆರೊದಲ್ಲೇ ಐಎಸ್‌ಬಿಎನ್ ಅಥವಾ ಡಿಒಐ ಸಂಖ್ಯೆ ಟೈಪ್ ಮಾಡಿದರೆ ವಿವರ ತಾನೇ ಬರುತ್ತದಲ್ಲ, ಕನೆಕ್ಟರ್ ಯಾಕೆ ಬೇಕು ಅಂತ. ನಿಜ, ಹೊಸ ಪುಸ್ತಕಗಳಿಗೆ ಅದು ಚೆನ್ನಾಗಿ ನಡೆಯುತ್ತದೆ. ಆದರೆ ಐಎಸ್‌ಬಿಎನ್ ಪದ್ಧತಿ ಬಂದದ್ದೇ 1970ರ ಸುಮಾರಿಗೆ. ನಮ್ಮ ಮಕ್ಕಳು ಓದುವುದು ಶಾಸನ ಸಂಪುಟ, ಗೆಜೆಟಿಯರ್, ನೂರು ವರ್ಷದ ಹಿಂದಿನ ಪತ್ರಿಕೆ. ಅವಕ್ಕೆ ಎಲ್ಲಿಂದ ಬರಬೇಕು ಆ ಸಂಖ್ಯೆ? ವಾಣಿಜ್ಯ ವಿಭಾಗದವರು ಇದಿಲ್ಲದೆ ಹೇಗೋ ಸಂಭಾಳಿಸಬಹುದು, ನಮಗೆ ಕಷ್ಟ.

ಇನ್ನು ಸುರಕ್ಷತೆ. ನಿಮಗೆ ಮುಖ್ಯವಾದದ್ದು ಇದೇ ಅಲ್ವಾ? ಕಂಪ್ಯೂಟರ್ ವಿಜ್ಞಾನ ವಿಭಾಗದ ಸಹೋದ್ಯೋಗಿಯ ಪಕ್ಕ ಒಂದು ಮಧ್ಯಾಹ್ನ ಕೂತು ಎಲ್ಲ ಕೇಳಿ ತಿಳಿದುಕೊಂಡೆ.

ಹಾಕಿಕೊಳ್ಳುವಾಗ ಕ್ರೋಮ್ ಒಂದು ಎಚ್ಚರಿಕೆ ತೋರಿಸುತ್ತದೆ. ನೀವು ನೋಡುವ ಎಲ್ಲ ತಾಣಗಳ ಮಾಹಿತಿಯನ್ನೂ ಇದು ಓದಬಹುದು, ಬದಲಿಸಬಹುದು ಅಂತ. ಓದಿದರೆ ಎದೆ ಧಸಕ್ಕನ್ನುತ್ತದೆ, ಸುಳ್ಳೂ ಅಲ್ಲ. ಯಾವ ಪುಟದಲ್ಲಿ ಪುಸ್ತಕದ ವಿವರ ಇದೆ ಅಂತ ಗುರುತಿಸಬೇಕಾದರೆ ಪುಟವನ್ನು ಅದು ನೋಡಲೇಬೇಕು. ಈ ಅನುಮತಿ ಸಣ್ಣದು ಅಂತ ನಾನು ಹೇಳುವುದಿಲ್ಲ. ಆದರೆ ಇದರ ಹಿಂದೆ ಯಾರಿದ್ದಾರೆ ನೋಡಿ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರದಲ್ಲಿ 2006ರಲ್ಲಿ ಜೊಟೆರೊ ಶುರುವಾಯಿತು. ಇತಿಹಾಸದವರು ತಮ್ಮ ಕಷ್ಟಕ್ಕೆ ತಾವೇ ಮಾಡಿಕೊಂಡದ್ದು! ಈಗ ಅದನ್ನು ನಡೆಸುತ್ತಿರುವುದು ಲಾಭದ ಉದ್ದೇಶವಿಲ್ಲದ ಒಂದು ಸಂಸ್ಥೆ. ಕನೆಕ್ಟರಿನ ಸೋರ್ಸ್ ಕೋಡ್ ಪೂರ್ತಿ ತೆರೆದಿದೆ, github.com/zotero/zotero-connectors ನಲ್ಲಿ ಯಾರು ಬೇಕಾದರೂ ನೋಡಬಹುದು. ಜಾಹೀರಾತು ಇಲ್ಲ.

ಮಾಹಿತಿ ಎಲ್ಲಿಗೆ ಹೋಗುತ್ತದೆ ಅನ್ನುವುದು ಮುಂದಿನ ಮಾತು. ಜೊಟೆರೊ ಸಾಫ್ಟ್‌ವೇರ್ ತೆರೆದಿದ್ದರೆ ಕನೆಕ್ಟರ್ ಅದೇ ಕಂಪ್ಯೂಟರಿನೊಳಗೆ 127.0.0.1:23119 ವಿಳಾಸದಲ್ಲಿ ಅದರ ಜೊತೆ ಮಾತಾಡುತ್ತದೆ. ಮುಚ್ಚಿದ್ದರೆ ಮಾತ್ರ, zotero.org ಖಾತೆಗೆ ಉಳಿಸಲೇ ಅಂತ ಕೇಳುತ್ತದೆ. ಹಾಗಾಗಿ ಮೊದಲು ಜೊಟೆರೊ, ಆಮೇಲೆ ಕ್ರೋಮ್ ಅಂತ ಬೋರ್ಡಿನ ಮೇಲೆ ಬರೆಸುತ್ತೇನೆ. ಒಂದೊಂದು ತಾಣವನ್ನೂ ಹೇಗೆ ಓದಬೇಕು ಅನ್ನುವ ಸಣ್ಣ ಸ್ಕ್ರಿಪ್ಟುಗಳನ್ನು ಅದು repo.zotero.org ನಿಂದ ತರಿಸಿಕೊಳ್ಳುತ್ತದೆ. ಫೈರ್‌ವಾಲಿನಲ್ಲಿ ಈ ವಿಳಾಸ ಮತ್ತು ಸಿಂಕ್ ಮಾಡಲು zotero.org ತೆರೆದಿವೆಯೇ ಅಂತ ದಯವಿಟ್ಟು ನೋಡಿ.

ಶುಲ್ಕ, ಪರೀಕ್ಷೆ, ಅಂಕಪಟ್ಟಿಯ ತಾಣಗಳನ್ನು ಅದು ಮುಟ್ಟಬಾರದು ಅಂದರೆ ಅದಕ್ಕೂ ದಾರಿ ಇದೆಯಂತೆ. ExtensionSettings ಪಾಲಿಸಿಯಲ್ಲಿ runtime_blocked_hosts ಅಂತ ಒಂದು ಪಟ್ಟಿ ಕೊಟ್ಟರೆ ಆ ತಾಣಗಳೊಳಗೆ ಎಕ್ಸ್‌ಟೆನ್ಷನ್ ಕೈಹಾಕಲು ಆಗುವುದಿಲ್ಲ. ಕಾಲೇಜಿನ ತಾಣಗಳನ್ನೆಲ್ಲ ಅದರಲ್ಲಿ ಸೇರಿಸಿ. ನಮಗೆ ಏನೂ ತೊಂದರೆ ಇಲ್ಲ.

ಅನುಮತಿ ಕೊಡುವ ಬಗೆ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಹುಡುಕುವ ಶ್ರಮ ಬೇಡ ಅಂತ ಸಹೋದ್ಯೋಗಿ ಬರೆದುಕೊಟ್ಟದ್ದನ್ನು ಇಲ್ಲಿ ಹಾಕಿದ್ದೇನೆ:

```
reg add "HKLM\Software\Policies\Google\Chrome\ExtensionInstallAllowlist" /v 1 /t REG_SZ /d ekhagklcjbdpajgpjgmbionohlpdbjgc /f
```

ಕೊನೆಯಲ್ಲಿರುವ ಉದ್ದನೆಯ ಅಕ್ಷರಗಳು ಕ್ರೋಮ್ ವೆಬ್ ಸ್ಟೋರಿನಲ್ಲಿ Zotero Connector ನ ಗುರುತು. ನೀವೂ ಸ್ಟೋರಿನ ಪುಟದ ವಿಳಾಸದ ಜೊತೆ ಒಮ್ಮೆ ಹೋಲಿಸಿ ನೋಡಿಬಿಡಿ, ನಾನು ಎರಡು ಸಲ ನೋಡಿದ್ದೇನೆ. ಆ ಪಟ್ಟಿಯಲ್ಲಿ 1 ಅನ್ನುವ ಹೆಸರಲ್ಲಿ ಆಗಲೇ ಬೇರೇನಾದರೂ ಇದ್ದರೆ ಮುಂದಿನ ಸಂಖ್ಯೆ ಕೊಡಬೇಕಂತೆ, ಇಲ್ಲದಿದ್ದರೆ ಹಳೆಯದು ಅಳಿಸಿಹೋಗುತ್ತದೆ. ಕೆಲಸ ಆಯಿತೋ ಇಲ್ಲವೋ ಅನ್ನುವುದು chrome://policy ಪುಟದಲ್ಲಿ ಗೊತ್ತಾಗುತ್ತದೆ.

ಇನ್ನೊಂದು ತೊಡಕು ಇದೆ. ಲ್ಯಾಬಿನ ಕಂಪ್ಯೂಟರುಗಳು ರೀಸ್ಟಾರ್ಟ್ ಆದರೆ ಮೊದಲಿದ್ದ ಸ್ಥಿತಿಗೇ ಹೋಗುತ್ತವೆ. ಮಕ್ಕಳು ಬುಧವಾರ ಹಾಕಿಕೊಂಡ ಎಕ್ಸ್‌ಟೆನ್ಷನ್ ಶುಕ್ರವಾರ ಇರುವುದಿಲ್ಲ. ಹಾಗಾಗಿ ನೀವು ಆ ಬೀಗ ತೆಗೆದು ಅಪ್‌ಡೇಟ್ ಮಾಡುವ ದಿನ ಕನೆಕ್ಟರನ್ನೂ ಹಾಕಿಯೇ ಬೀಗ ಹಾಕಿದರೆ ಒಳ್ಳೆಯದು. ಮಕ್ಕಳ ಸಂಗ್ರಹದ ಚಿಂತೆ ಬೇಡ. ಪೆನ್‌ಡ್ರೈವ್ ತರುವ ಹಾಗಿಲ್ಲ ಅಂತ ಗೊತ್ತು. ಪ್ರತಿಯೊಬ್ಬರೂ ತಮ್ಮ ಜೊಟೆರೊ ಖಾತೆಗೆ ಸಿಂಕ್ ಮಾಡಿ ಹೊರಡುತ್ತಾರೆ. ಪುಸ್ತಕ ವಿವರಗಳನ್ನು ಇಡಲು ದುಡ್ಡು ಕೊಡಬೇಕಾಗಿಲ್ಲ, ಪಿಡಿಎಫ್ ಫೈಲುಗಳಿಗೂ 300 ಎಂಬಿ ಉಚಿತ. ಯಾರಾದರೂ ಲಾಗೌಟ್ ಮರೆತರೂ ಸಂಜೆ ಶಟ್‌ಡೌನ್ ಮಾಡಿದ ಮೇಲೆ ಎಲ್ಲ ಅಳಿಸಿಹೋಗುತ್ತದೆ. ನಿಮ್ಮ ಆ ಬೀಗದಿಂದ ನಮಗೆ ಇಷ್ಟು ಉಪಕಾರ.

ಒಂದೇ ಸಲಕ್ಕೆ 30ಕ್ಕೂ ಬೇಡ ಅನ್ನಿಸಿದರೆ ಕಿಟಕಿ ಪಕ್ಕದ ಸಾಲಿನ 6 ಕಂಪ್ಯೂಟರಿಗೆ ಮಾತ್ರ ಎರಡು ವಾರ ಕೊಟ್ಟು ನೋಡಿ. ಮಕ್ಕಳು ಸರದಿಯಲ್ಲಿ ಕೂರುತ್ತಾರೆ. ಏನಾದರೂ ಎಡವಟ್ಟಾದರೆ ನನಗೆ ಫೋನ್ ಸಹ ಮಾಡದೆ ತೆಗೆದುಹಾಕಿ, ಬೇಸರ ಮಾಡಿಕೊಳ್ಳುವುದಿಲ್ಲ. ಇಲ್ಲ ಅನ್ನುವುದೇ ನಿಮ್ಮ ತೀರ್ಮಾನವಾದರೆ ಅದನ್ನಾದರೂ ಬೇಗ ತಿಳಿಸಿ. ಮಕ್ಕಳಿಗೆ ಮನೆಯ ಕಂಪ್ಯೂಟರಿನಲ್ಲಿ ಮಾಡಿ ಅಂತ ಹೇಳಬೇಕಾಗುತ್ತದೆ, ಆದರೆ 26 ಜನರಲ್ಲಿ ಮನೆಯಲ್ಲಿ ಕಂಪ್ಯೂಟರ್ ಇರುವವರು 9 ಮಂದಿ. ಹಾಸ್ಟೆಲಿನವರಿಗೆ ಈ ಲ್ಯಾಬ್ ಬಿಟ್ಟರೆ ಗತಿಯಿಲ್ಲ.

ಕಿರುಪ್ರಬಂಧ ಒಪ್ಪಿಸಲು ಮಾರ್ಚ್ 31 ಕಡೆಯ ದಿನ. ಅದಕ್ಕೆ ಮೊದಲು ಏಳು ವಾರ ಲ್ಯಾಬ್ ತರಗತಿ ಸಿಗುತ್ತದೆ, ಬುಧವಾರ ಮತ್ತು ಶುಕ್ರವಾರ ಮಧ್ಯಾಹ್ನ 2ರಿಂದ 4. ವಿಭಾಗದ ಮುಖ್ಯಸ್ಥರ ಒಪ್ಪಿಗೆ ಪತ್ರವನ್ನು ಸ್ಕ್ಯಾನ್ ಮಾಡಿ ಇದಕ್ಕೆ ಲಗತ್ತಿಸಿದ್ದೇನೆ. ಬರುವ ಸೋಮವಾರ 11 ಗಂಟೆಗೆ ನನಗೆ ತರಗತಿ ಇಲ್ಲ. ನಿಮಗೆ ಬಿಡುವಿದ್ದರೆ ಲ್ಯಾಬಿಗೇ ಬರುತ್ತೇನೆ, ಒಂದು ಕಂಪ್ಯೂಟರಿನಲ್ಲಿ ಹಾಕಿ ಜೊತೆಗೇ ನೋಡಿಬಿಡೋಣ.

ವಂದನೆಗಳೊಂದಿಗೆ,
ಸುಜಾತಾ
ಸಹಾಯಕ ಪ್ರಾಧ್ಯಾಪಕಿ, ಇತಿಹಾಸ ವಿಭಾಗ
ಮೊದಲ ಮಹಡಿ, ಕೊಠಡಿ 114

ಲಗತ್ತು: ವಿಭಾಗದ ಮುಖ್ಯಸ್ಥರ ಒಪ್ಪಿಗೆ ಪತ್ರ, 1 ಪುಟ