ಅಡ್ವಾನ್ಸ್ ಹಣ ವಾಪಸಿನ ಲೆಕ್ಕ

ಕುವೆಂಪುನಗರ, ಮೈಸೂರು
8 ಜೂನ್ 2025

ಶ್ರೀ ಮಂಜುನಾಥ್ ಅವರಿಗೆ,
ನಮಸ್ಕಾರ.

ಮೇ 31ಕ್ಕೆ ನೀವು ಮನೆ ಖಾಲಿ ಮಾಡಿ ಬೀಗದ ಕೈ ಕೊಟ್ಟಿದ್ದೀರಿ. ನಿಮ್ಮ ಅಡ್ವಾನ್ಸ್ 60,000 ರೂಪಾಯಿ ನನ್ನ ಬಳಿ ಇತ್ತು. ಅದರಲ್ಲಿ ಮುರಿದುಕೊಂಡಿದ್ದು ಹೀಗಿದೆ:

ಮೇ ತಿಂಗಳ ಕರೆಂಟ್ ಬಿಲ್: 1,850 ರೂ. (212 ಯೂನಿಟ್ ಆಗಿದೆ. 200 ದಾಟಿದ್ದರಿಂದ ಗೃಹಜ್ಯೋತಿ ಅನ್ವಯಿಸದೆ ಪೂರ್ತಿ ಬಿಲ್ ಬಂದಿದೆ)
ಬಾಕಿ ನೀರಿನ ಬಿಲ್: 760 ರೂ.
ಬಚ್ಚಲುಮನೆ ಬಾಗಿಲು, ಬಡಗಿ ಕೂಲಿ ಸೇರಿ: 3,800 ರೂ.
ಅಡುಗೆಮನೆ ಕಟ್ಟೆಯ ಒಡೆದ ಗ್ರಾನೈಟ್: 2,600 ರೂ.
ಒಟ್ಟು: 9,010 ರೂ.

ಬಾಗಿಲಿನ ಕೆಳಭಾಗ ಗೇಣುದ್ದ ಸೀಳಿ, ಚಿಲಕದ ಸ್ಕ್ರೂ ಕಿತ್ತುಬಂದಿತ್ತು. ರಿಪೇರಿಗೆ ಆಗದೆ ಹೊಸದೇ ಹಾಕಿಸಬೇಕಾಯಿತು. ಸುಣ್ಣಬಣ್ಣದ ಖರ್ಚು ಹಿಡಿದಿಲ್ಲ. ನಾಲ್ಕು ವರ್ಷ ಸಂಸಾರ ಮಾಡಿದ ಮನೆಯ ಗೋಡೆ ಮಾಸುವುದು ಸಹಜ, ಅದು ನನ್ನ ಹೊಣೆ.

ಉಳಿದ 50,990 ರೂಪಾಯಿಯನ್ನು ಇವತ್ತೇ ನಿಮ್ಮ ಖಾತೆಗೆ ಹಾಕಿದ್ದೇನೆ. ಬಿಲ್ಲು, ರಸೀದಿ, ಫೋಟೊ ಲಗತ್ತಿಸಿದ್ದೇನೆ. ಯಾವುದಾದರೂ ಒಪ್ಪಿಗೆಯಾಗದಿದ್ದರೆ ಫೋನ್ ಮಾಡಿ, ಕೂತು ಮಾತಾಡೋಣ. ಈ ಮೀಟರಿಗಿರುವ ನಿಮ್ಮ ಗೃಹಜ್ಯೋತಿ ನೋಂದಣಿಯನ್ನು ದಯವಿಟ್ಟು ಬೇಗ ರದ್ದು ಮಾಡಿಸಿ. ಹೊಸಬರು 15ಕ್ಕೆ ಬರುತ್ತಿದ್ದಾರೆ.

ಬಾಡಿಗೆಯನ್ನು ಒಂದು ತಿಂಗಳೂ ತಡಮಾಡದೆ ಕೊಟ್ಟಿದ್ದೀರಿ, ಅದಕ್ಕೆ ಧನ್ಯವಾದ.

ಇಂತಿ,
ಶಿವಣ್ಣ
ಮನೆ ಮಾಲೀಕ