ಎರಡು ತಾರೀಕು ದಾಟಿದ ಬಿಲ್: ನಾಗರಾಜ್ ಅವರಿಗೆ ಮಾಲಿನಿ ಮಾಡುವ ಫೋನ್

ಬಿಲ್ ನಂಬರ್ 1147, ಮೇ 2ರದ್ದು. 600 ಪ್ಯಾಕಿಂಗ್ ಬಾಕ್ಸ್, ಒಟ್ಟು 48,600 ರೂಪಾಯಿ. ಹಣ ಜೂನ್ 1ಕ್ಕೆ ಬರಬೇಕಿತ್ತು. ಗಿರಾಕಿ ನಾಗರಾಜ್ ಮೊದಲು ಜೂನ್ 10 ಅಂದರು, ಆಮೇಲೆ 18 ಅಂದರು. ಎರಡೂ ದಾಟಿದೆ. ಫೋನ್ ಮಾಡುವುದು ಜೂನ್ 20, ಶುಕ್ರವಾರ, ಬೆಳಿಗ್ಗೆ 11ಕ್ಕೆ.

ನೋಡು ಮಾಲಿನಿ, ಬಿಲ್ಲು, ನಾಗರಾಜ್ ಅವರ ಸಹಿ ಇರುವ ಡೆಲಿವರಿ ಚಲನ್, ಹಿಂದಿನ ಎರಡು ಫೋನಿನ ಟಿಪ್ಪಣಿ, ಮೂರೂ ಎದುರಿಗಿರಲಿ. "ಒಂದು ನಿಮಿಷ ಸರ್, ಹುಡುಕ್ತೀನಿ" ಅಂದ ಕೂಡಲೇ ಮಾತು ಸಡಿಲವಾಗುತ್ತದೆ.

ಬೇರೆ ಯಾರಾದರೂ ಎತ್ತಿದರೆ

"ನಮಸ್ಕಾರ. ನಾಗರಾಜ್ ಅವರ ಹತ್ತಿರ ಮಾತಾಡಬಹುದಾ? ನಾನು ಮಾಲಿನಿ. ಅವರಿಲ್ವಾ? ಎಷ್ಟು ಹೊತ್ತಿಗೆ ಸಿಗುತ್ತಾರೆ? ಸರಿ, ಮೂರು ಗಂಟೆಗೆ ನಾನೇ ಮತ್ತೆ ಮಾಡುತ್ತೇನೆ."

ಇಷ್ಟೇ. ಯಾವ ವಿಷಯ ಅಂತ ಕೇಳಿದರೆ "ಅವರ ಹತ್ತಿರವೇ ಮಾತಾಡಬೇಕಿತ್ತು" ಅನ್ನು. ಬಾಕಿಯ ವಿಷಯ ಮನೆಯವರಿಗೂ ಹೇಳಬೇಡ, ಅಂಗಡಿ ಹುಡುಗನಿಗೂ ಹೇಳಬೇಡ.

ಅವರೇ ಎತ್ತಿದರೆ

"ನಮಸ್ಕಾರ ನಾಗರಾಜ್ ಸರ್, ನಾನು ಮಾಲಿನಿ, ಬಾಕ್ಸ್ ಸಪ್ಲೈ ಆಫೀಸಿನ ಅಕೌಂಟ್ಸ್‌ನಿಂದ. ಐದು ನಿಮಿಷ ಮಾತಾಡಬಹುದಾ?"

ಡ್ರೈವಿಂಗ್‌ನಲ್ಲಿದ್ದೀನಿ, ಗಿರಾಕಿ ಇದ್ದಾರೆ ಅಂದರೆ:

"ಪರವಾಗಿಲ್ಲ ಸರ್. ಹನ್ನೆರಡೂವರೆಗೆ ಮಾಡಲಾ, ನಾಲ್ಕಕ್ಕೆ ಮಾಡಲಾ?"

ಅವರು ಯಾವುದು ಹೇಳುತ್ತಾರೋ ಆ ಹೊತ್ತಿಗೆ ಸರಿಯಾಗಿ ಮಾಡು. ಅವರು ಮಾತು ತಪ್ಪಿದ್ದಕ್ಕೆ ಫೋನ್ ಮಾಡುತ್ತಿರುವ ನಾವೇ ಹೇಳಿದ ಹೊತ್ತು ತಪ್ಪಿಸಿದರೆ ಚೆನ್ನಾಗಿರಲ್ಲ, ಅಲ್ವಾ?

ಮಾತಾಡಿ ಅಂದರೆ:

"ಸರ್, ಬಿಲ್ 1147ರ ನಲವತ್ತೆಂಟು ಸಾವಿರದ ಆರುನೂರು ಇನ್ನೂ ಬಂದಿಲ್ಲ. ಮೊದಲು ಹತ್ತನೇ ತಾರೀಕು ಅಂದಿದ್ದಿರಿ, ಆಮೇಲೆ ಹದಿನೆಂಟು ಅಂದಿರಿ. ಇವತ್ತು ಬೆಳಿಗ್ಗೆಯೂ ಅಕೌಂಟ್ ನೋಡಿದೆ, ಬಂದಿಲ್ಲ. ಏನಾಯ್ತು ಸರ್?"

ಇಲ್ಲಿ ಸುಮ್ಮನಾಗು. ಇಡೀ ಫೋನಿನಲ್ಲಿ ಕಷ್ಟದ ಜಾಗ ಇದೇ. ಆ ಕಡೆ ಸದ್ದಿಲ್ಲದಿದ್ದರೆ ನಮಗೇ ಇರುಸುಮುರುಸಾಗಿ "ಬಹುಶಃ ಮರೆತಿರಬೇಕು ಅಲ್ವಾ ಸರ್" ಅಂದುಬಿಡುತ್ತೇವೆ. ಅವರೂ "ಹ್ಞೂಂ, ಮರೆತೆ" ಅನ್ನುತ್ತಾರೆ. ನಿಜವಾದ ಕಾರಣ ಅಲ್ಲೇ ಮುಚ್ಚಿಹೋಗುತ್ತದೆ. ಹಿಂದಿನ ಎರಡು ಫೋನಿನಲ್ಲೂ ನಾನು ಮಾಡಿದ ತಪ್ಪು ಅದೇ: ತಾರೀಕು ಕೇಳಿದೆ, ಕಾರಣ ಕೇಳಲಿಲ್ಲ.

"ಆಗಲೇ ಹಾಕಿದ್ದೀನಲ್ಲಾ" ಅಂದರೆ

"ಹೌದಾ ಸರ್? ಹಾಗಿದ್ದರೆ ನಮ್ಮ ಕಡೆಯೇ ಹುಡುಕಬೇಕು. ಯಾವ ದಿನ ಹಾಕಿದಿರಿ? ಟ್ರಾನ್ಸಾಕ್ಷನ್ ನಂಬರ್ ಇದ್ದರೆ ಮೆಸೇಜ್ ಮಾಡಿ. ಬ್ಯಾಂಕಿನಲ್ಲಿ ನೋಡಿ ಇವತ್ತು ಸಂಜೆ ಐದರೊಳಗೆ ತಿಳಿಸುತ್ತೇನೆ."

ಸುಳ್ಳು ಅನ್ನುವ ಧ್ವನಿ ಬೇಡ. ತಪ್ಪು ಅಕೌಂಟಿಗೆ ಹೋಗಿರುವುದೂ ಉಂಟು.

"ಕೈಯಲ್ಲಿ ಕಾಸಿಲ್ಲಮ್ಮಾ, ನಮಗೂ ಬರಬೇಕಾದ್ದು ಬಂದಿಲ್ಲ" ಅಂದರೆ

ಹೆಚ್ಚಾಗಿ ಇದೇ ಬರುತ್ತದೆ. ಆತುರ ಮಾಡದೆ ಕೇಳಿಸಿಕೋ.

"ಅರ್ಥ ಆಗುತ್ತೆ ಸರ್. ನೀವು ಬಿಚ್ಚಿ ಹೇಳಿದ್ದು ಒಳ್ಳೆಯದಾಯ್ತು. ನಿಮಗೆ ಬರಬೇಕಾದ ಹಣ ಯಾವಾಗ ಬರಬಹುದು ಅನಿಸುತ್ತದೆ? ಅದು ಬರದಿದ್ದರೂ ನಿಮ್ಮ ಕೈಯಿಂದ ಈಗ ಎಷ್ಟು ಆಗುತ್ತದೆ?"

ಮೊದಲ ಮೊತ್ತ ಅವರ ಬಾಯಿಂದಲೇ ಬರಲಿ. ಎಷ್ಟು ಹೇಳಿದರೂ "ಅಷ್ಟೇನಾ?" ಅನ್ನಬೇಡ. ಇಪ್ಪತ್ತು ಸಾವಿರ ಅಂದರು ಅಂತಿಟ್ಟುಕೋ:

"ಆಗಲಿ ಸರ್. ಇಪ್ಪತ್ತು ಸಾವಿರ ಸೋಮವಾರ, ಅಂದರೆ 23ಕ್ಕೆ ಹಾಕುತ್ತೀರಾ? ಉಳಿದ ಇಪ್ಪತ್ತೆಂಟು ಸಾವಿರದ ಆರುನೂರು 30ಕ್ಕೆ ಆಗುತ್ತಾ? ಆಗದಿದ್ದರೆ ಈಗಲೇ ಹೇಳಿ ಸರ್, ಬೇರೆ ದಿನ ನೋಡೋಣ."

ಎರಡು ಕಂತು, ಜುಲೈ 7ರೊಳಗೆ ಪೂರ್ತಿ. ಇಷ್ಟಕ್ಕೆ ನೀನೇ ಒಪ್ಪಬಹುದು. ಅದಕ್ಕಿಂತ ಮುಂದೆ ಹೋದರೆ: "ಯಜಮಾನರನ್ನು ಕೇಳಿ ಇವತ್ತೇ ಹೇಳುತ್ತೇನೆ ಸರ್."

"ನಿಮ್ಮ ಬಾಕ್ಸ್ ಒದ್ದೆಯಾಗಿತ್ತು, ಅದಕ್ಕೇ ತಡೆದಿದ್ದೀನಿ" ಅಂದರೆ

"ಇದು ನಮಗೆ ಗೊತ್ತೇ ಇರಲಿಲ್ಲ ಸರ್. ಎಷ್ಟು ಬಾಕ್ಸ್ ಹಾಳಾಗಿವೆ? ಫೋಟೋ ಇದ್ದರೆ ಕಳಿಸಿ, ಡೆಲಿವರಿಯವರನ್ನು ನಾನು ವಿಚಾರಿಸುತ್ತೇನೆ."

ಚಲನ್ ತೋರಿಸಿ ವಾದಕ್ಕೆ ಇಳಿಯಬೇಡ. ಸಹಿ ಹಾಕುವಾಗ ಯಾರೂ 600 ಬಾಕ್ಸ್ ಬಿಚ್ಚಿ ನೋಡುವುದಿಲ್ಲ. ಆದರೆ ಹಾಳಾದದ್ದನ್ನೂ ಉಳಿದದ್ದನ್ನೂ ಬೇರೆ ಮಾಡು. ಒಂದಕ್ಕೆ 81 ರೂಪಾಯಿ ನೆನಪಿರಲಿ. ನಲವತ್ತು ಬಾಕ್ಸ್ ಅಂದರೆ:

"ನಲವತ್ತು ಬಾಕ್ಸಿಗೆ ಮೂರು ಸಾವಿರದ ಇನ್ನೂರ ನಲವತ್ತು ಆಗುತ್ತದೆ ಸರ್. ಅಷ್ಟನ್ನು ಪಕ್ಕಕ್ಕಿಡೋಣ. ಬುಧವಾರದೊಳಗೆ ಅದರ ತೀರ್ಮಾನ ತಿಳಿಸುತ್ತೇನೆ. ಉಳಿದ ನಲವತ್ತೈದು ಸಾವಿರದ ಮುನ್ನೂರ ಅರವತ್ತರಲ್ಲಿ ತಕರಾರಿಲ್ಲ ಅಲ್ವಾ? ಅದನ್ನು ಸೋಮವಾರ ಹಾಕಬಹುದಾ?"

"ಎರಡು ದಿನದಲ್ಲಿ ಹಾಕ್ತೀನಿ ಬಿಡಿ" ಅಂದರೆ

ಇಲ್ಲೇ ಹುಷಾರು. ಮೂರನೇ ತಾರೀಕು ಇಷ್ಟು ಸಲೀಸಾಗಿ ಬಂದರೆ ಅದೂ ಹಿಂದಿನ ಎರಡರ ದಾರಿಯೇ ಹಿಡಿಯುತ್ತದೆ.

"ಥ್ಯಾಂಕ್ಸ್ ಸರ್. ತಪ್ಪು ತಿಳಿಯಬೇಡಿ, ಎರಡು ಸಲ ಹೀಗಾಯ್ತಲ್ಲ, ಅದಕ್ಕೇ ಕೇಳುತ್ತಿದ್ದೇನೆ. ಹಣ ಈಗಾಗಲೇ ಅಕೌಂಟಿನಲ್ಲಿದೆಯಾ, ಇಲ್ಲ ಎಲ್ಲಿಂದಲಾದರೂ ಬರಬೇಕಾ? ಬರಬೇಕು ಅಂದರೆ ಎರಡು ದಿನ ಜಾಸ್ತಿಯೇ ತಗೊಳ್ಳಿ. ಆದರೆ ಆ ದಿನ ತಪ್ಪದಿರಲಿ."

ಹಣ ಇದೆ ಅಂದರೆ: "ಹಾಗಿದ್ದರೆ ಇವತ್ತೇ ಹಾಕಿಬಿಡಬಹುದಾ ಸರ್? ಅಕೌಂಟ್ ನಂಬರ್ ಈಗಲೇ ಮೆಸೇಜ್ ಮಾಡುತ್ತೇನೆ."

ರೇಗಿದರೆ

"ಇಷ್ಟು ವರ್ಷದ ವ್ಯಾಪಾರ, ಇಷ್ಟಕ್ಕೆ ದಿನಾ ಫೋನ್ ಮಾಡ್ತೀರಾ" ಅನ್ನಬಹುದು. ನಾವು ದಿನಾ ಮಾಡಿಲ್ಲ, ಇದು ಮೂರನೆಯದು. ಅದನ್ನು ಎತ್ತಬೇಡ.

"ನಿಮಗೆ ಬೇಜಾರಾಗಿದ್ದರೆ ಕ್ಷಮಿಸಿ ಸರ್. ಹಳೆಯ ಗಿರಾಕಿ ಅಂತಲೇ ಮೊದಲು ನಿಮ್ಮ ಹತ್ತಿರ ಮಾತಾಡುತ್ತಿದ್ದೇನೆ. ಯಾವ ದಿನ ಅಂತ ಒಂದು ಹೇಳಿಬಿಡಿ, ಅಲ್ಲಿಯವರೆಗೆ ನಾನು ಫೋನ್ ಮಾಡುವುದಿಲ್ಲ."

ಬೈಯುವುದು ನಿಲ್ಲದಿದ್ದರೆ: "ಈಗ ಬೇಡ ಸರ್, ಸೋಮವಾರ ಬೆಳಿಗ್ಗೆ ಮಾಡುತ್ತೇನೆ. ನಮಸ್ಕಾರ." ಇಟ್ಟುಬಿಡು. ಅದರಲ್ಲಿ ನಿನ್ನ ತಪ್ಪೇನೂ ಇಲ್ಲ.

ಮುಂದೇನು ಅಂತ ಅವರೇ ಕೇಳಿದರೆ

"ಹಳೆಯ ಬಾಕಿ ತೀರುವವರೆಗೆ ಹೊಸ ಆರ್ಡರ್ ಸಾಲದ ಮೇಲೆ ಕಳಿಸುವುದಕ್ಕೆ ಆಗಲ್ಲ ಸರ್. ಮುಂಗಡ ಕೊಟ್ಟರೆ ಯಾವಾಗ ಬೇಕಾದರೂ ಕಳಿಸುತ್ತೇವೆ."

ಯಜಮಾನರು ತೀರ್ಮಾನ ಮಾಡಿರುವುದು ಇಷ್ಟೇ. ವಕೀಲರು, ನೋಟಿಸು ಅನ್ನುವ ಮಾತು ನಿನ್ನ ಬಾಯಲ್ಲಿ ಬರುವುದೇ ಬೇಡ.

ಇಡುವ ಮೊದಲು

"ಬರೆದುಕೊಳ್ಳುತ್ತಿದ್ದೇನೆ ಸರ್, ಸರಿಯಾ ನೋಡಿ. 23ಕ್ಕೆ ಇಪ್ಪತ್ತು ಸಾವಿರ, 30ಕ್ಕೆ ಇಪ್ಪತ್ತೆಂಟು ಸಾವಿರದ ಆರುನೂರು. ಎರಡೂ ಬ್ಯಾಂಕ್ ಟ್ರಾನ್ಸ್‌ಫರ್. ಇದನ್ನೇ ಮೆಸೇಜ್ ಮಾಡುತ್ತೇನೆ, ನೋಡಿ ಓಕೆ ಅಂತ ಕಳಿಸಿ. ಮಧ್ಯೆ ಏನಾದರೂ ಏರುಪೇರು ಆದರೆ ಹಿಂದಿನ ದಿನವೇ ನನಗೆ ಒಂದು ಫೋನ್ ಮಾಡಿ, ಆಯ್ತಾ? ಥ್ಯಾಂಕ್ಸ್ ಸರ್, ನಮಸ್ಕಾರ."

ಇಟ್ಟ ಕೂಡಲೇ ಹೋಗಬೇಕಾದ ಮೆಸೇಜ್:

"ನಮಸ್ಕಾರ ನಾಗರಾಜ್ ಸರ್. ಈಗ ಮಾತಾಡಿದಂತೆ ಬಿಲ್ 1147ರ ಬಾಕಿ 48,600 ರೂಪಾಯಿ. ಜೂನ್ 23ಕ್ಕೆ 20,000, ಜೂನ್ 30ಕ್ಕೆ 28,600. ಸರಿ ಇದ್ದರೆ ಓಕೆ ಅಂತ ಕಳಿಸಿ. ಮಾಲಿನಿ, ಅಕೌಂಟ್ಸ್."

23ರ ಸಂಜೆ ನಾಲ್ಕಕ್ಕೆ ಅಕೌಂಟ್ ನೋಡು. ಬಂದಿದ್ದರೆ ಆಗಲೇ "20,000 ಬಂತು ಸರ್, ಥ್ಯಾಂಕ್ಸ್" ಅಂತ ಕಳಿಸು. ಬಂದಿಲ್ಲದಿದ್ದರೆ ನೀನು ಫೋನ್ ಮಾಡಬೇಡ, ನನಗೆ ಹೇಳು. ಆ ಫೋನ್ ಯಜಮಾನರೇ ಮಾಡುತ್ತಾರೆ.