ಪಾಠ ಯೋಜನೆ: ಆವಿಯಾಗುವಿಕೆಯ ವೇಗವನ್ನು ಬದಲಿಸುವ ಅಂಶಗಳು

ಬಿ.ಇಡಿ. ಮೂರನೇ ಸೆಮಿಸ್ಟರ್, ಶಾಲಾ ಇಂಟರ್ನ್‌ಶಿಪ್
ತರಗತಿ: 9 | ವಿಷಯ: ವಿಜ್ಞಾನ | ಘಟಕ: ನಮ್ಮ ಸುತ್ತಲಿನ ದ್ರವ್ಯ
ಅವಧಿ: 40 ನಿಮಿಷ | ವಿದ್ಯಾರ್ಥಿಗಳು: 36
ಸ್ಥಳ: ವಿಜಯಪುರ ಜಿಲ್ಲೆ, ತಿಕೋಟಾ ಭಾಗದ ಪ್ರೌಢಶಾಲೆ

ಪೂರ್ವಜ್ಞಾನ

ದ್ರವದ ಕಣಗಳು ಸದಾ ಚಲಿಸುತ್ತವೆ, ಕುದಿಯುವ ಬಿಂದುವಿಗಿಂತ ಕಡಿಮೆ ತಾಪದಲ್ಲೂ ನೀರು ಆವಿಯಾಗುತ್ತದೆ ಎಂಬುದನ್ನು ಮಕ್ಕಳು ಹಿಂದಿನ ಪಾಠದಲ್ಲಿ ಕಲಿತಿದ್ದಾರೆ. ಒಣದ್ರಾಕ್ಷಿ ಶೆಡ್ಡುಗಳನ್ನು ಹಲವರು ನನಗಿಂತ ಹತ್ತಿರದಿಂದ ಬಲ್ಲರು. ಪಾಠವನ್ನು ಅಲ್ಲಿಂದಲೇ ಕಟ್ಟಿದ್ದೇನೆ.

ಕಲಿಕಾ ಫಲಗಳು

ಅವಧಿ ಮುಗಿದಾಗ ಚೀಟಿ ನೋಡಿ ಹೌದು ಅಥವಾ ಇಲ್ಲ ಎನ್ನಲು ಬರುವಂತೆ ಇವನ್ನು ಬರೆದಿದ್ದೇನೆ. 'ಅರಿಯುವರು', 'ಮೆಚ್ಚುವರು' ಎಂಬ ಕ್ರಿಯಾಪದಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

1. ಬಟ್ಟೆಯ ಮೊದಲ ಮತ್ತು ಕೊನೆಯ ತೂಕದಿಂದ ಕಳೆದುಹೋದ ನೀರನ್ನು ಗ್ರಾಂನಲ್ಲಿ ಲೆಕ್ಕ ಹಾಕುವರು. ಗುರಿ: ಆರೂ ಗುಂಪುಗಳು.
2. ನಾಲ್ಕು ಸನ್ನಿವೇಶಗಳಲ್ಲಿ ಕನಿಷ್ಠ ಮೂರಕ್ಕೆ ಕಾರಣವಾದ ಅಂಶವನ್ನು (ಮೇಲ್ಮೈ ವಿಸ್ತೀರ್ಣ, ತಾಪ, ಗಾಳಿಯ ವೇಗ, ಆರ್ದ್ರತೆ) ಗುರುತಿಸುವರು. ಗುರಿ: 29 ಮಂದಿ.
3. ಆವಿಯಾಗುವಾಗ ತಂಪು ಏಕೆ ಉಂಟಾಗುತ್ತದೆ ಎಂಬುದನ್ನು 'ಕಣ', 'ಶಕ್ತಿ' ಎಂಬ ಪದಗಳನ್ನು ಬಳಸಿ ಎರಡು ವಾಕ್ಯಗಳಲ್ಲಿ ಬರೆಯುವರು. ಗುರಿ: 24 ಮಂದಿ. ಕಣ್ಣಿಗೆ ಕಾಣದ ಸಂಗತಿಯಾದ್ದರಿಂದ ಇಲ್ಲಿ ಗುರಿಯನ್ನು ತಗ್ಗಿಸಿದ್ದೇನೆ.

ಬೋಧನೋಪಕರಣಗಳು

20 ಸೆಂ.ಮೀ. ಚೌಕದ ಒಂದೇ ಬಗೆಯ ಹತ್ತಿ ಬಟ್ಟೆ 6, ಸೂಜಿಯಿಲ್ಲದ 10 ಮಿ.ಲೀ. ಸಿರಿಂಜ್ 6, 0.1 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ 3, ಟೇಬಲ್ ಫ್ಯಾನ್, ದಾರ, ಕ್ಲಿಪ್ಪು, ಸ್ಯಾನಿಟೈಸರ್, ಒಂದು ಹಿಡಿ ದ್ರಾಕ್ಷಿ ಮತ್ತು ಒಣದ್ರಾಕ್ಷಿ. ಅಡುಗೆಮನೆಯ ತಕ್ಕಡಿ ಇಲ್ಲಿ ಸಾಲದು. ಅದು ಪೂರ್ಣ ಗ್ರಾಂ ಮಾತ್ರ ತೋರಿಸಿದರೆ ಮಡಚಿದ ಬಟ್ಟೆಯಲ್ಲಿ ಏನೂ ಬದಲಾಗಿಲ್ಲ ಎಂದೇ ಮಕ್ಕಳು ಬರೆಯುತ್ತಾರೆ.

ಆಸಕ್ತಿ ಮೂಡಿಸುವಿಕೆ (5 ನಿಮಿಷ)

ದ್ರಾಕ್ಷಿ ಮತ್ತು ಒಣದ್ರಾಕ್ಷಿಯನ್ನು ಮೇಜಿನ ಮೇಲಿಟ್ಟು ಕೇಳುವುದು: "ಸುಮಾರು ನಾಲ್ಕು ಕಿಲೋ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಒಣದ್ರಾಕ್ಷಿ ಸಿಗುತ್ತದೆ. ಉಳಿದ ಮೂರು ಕಿಲೋ ಎಲ್ಲಿ ಹೋಯಿತು? ಶೆಡ್ಡಿನಲ್ಲಿ ಹಣ್ಣನ್ನು ರಾಶಿ ಹಾಕದೆ ಬಲೆಯ ಮೇಲೆ ಹರಡುವುದೇಕೆ?" ಉತ್ತರಗಳನ್ನು ಸರಿ, ತಪ್ಪು ಎನ್ನದೆ ಹಲಗೆಯ ಬಲಬದಿಯಲ್ಲಿ ಬರೆದಿಡುವುದು.

ಪರಿಶೋಧನೆ (20 ನಿಮಿಷ)

ಆರು ಮಂದಿಯ ಆರು ಗುಂಪು, ಗುಂಪಿಗೊಂದು ಬಟ್ಟೆ. ಎಲ್ಲರೂ ಬಟ್ಟೆಗೆ ಸಿರಿಂಜಿನಿಂದ 10 ಮಿ.ಲೀ. ನೀರು ಹನಿಸಿ ತೂಗುತ್ತಾರೆ. ಬಳಿಕ 1, 2ನೇ ಗುಂಪುಗಳು ಬಟ್ಟೆಯನ್ನು ನಾಲ್ಕು ಸಲ ಮಡಚಿ ಬೆಂಚಿನ ಮೇಲಿಡುತ್ತವೆ. 3, 4ನೇ ಗುಂಪುಗಳು ಬಿಡಿಸಿ ದಾರಕ್ಕೆ ತೂಗುಹಾಕುತ್ತವೆ. 5, 6ನೇ ಗುಂಪುಗಳು ಬಿಡಿಸಿದ ಬಟ್ಟೆಯನ್ನು ಟೇಬಲ್ ಫ್ಯಾನಿನ ಎದುರು ಕಟ್ಟುತ್ತವೆ. ಒಂದೇ ಸ್ಥಿತಿಯನ್ನು ಎರಡು ಗುಂಪುಗಳು ಮಾಡುವುದರಿಂದ ಒಬ್ಬರ ಅಳತೆಯನ್ನು ಇನ್ನೊಬ್ಬರದರೊಂದಿಗೆ ತಾಳೆ ನೋಡಬಹುದು. ಮೇಲಿನ ಫ್ಯಾನು ಆರಿರಲೇಬೇಕು, ಇಲ್ಲವಾದರೆ ಹೋಲಿಕೆಯೇ ಕೆಡುತ್ತದೆ. ಕರೆಂಟ್ ಹೋದರೆ ಇಬ್ಬರು ಹುಡುಗರು ರಟ್ಟಿನಿಂದ ಗಾಳಿ ಬೀಸುವರು.

ಒಣಗಲು ಬಿಟ್ಟ 12 ನಿಮಿಷ ಸುಮ್ಮನೆ ಕಳೆಯುವುದಿಲ್ಲ. ಪ್ರತಿಯೊಬ್ಬರ ಒಂದು ಅಂಗೈ ಹಿಂಬದಿಗೆ ನೀರಿನ ಹನಿ, ಇನ್ನೊಂದಕ್ಕೆ ಸ್ಯಾನಿಟೈಸರ್ ಹನಿ. ಯಾವುದು ಬೇಗ ಮಾಯವಾಯಿತು, ಯಾವುದು ಹೆಚ್ಚು ತಂಪೆನಿಸಿತು ಎಂದು ಬರೆದುಕೊಳ್ಳುವರು. ಹೆಚ್ಚು ಶಕ್ತಿಯ ಕಣಗಳು ಮೇಲ್ಮೈ ಬಿಟ್ಟು ಹೋಗುತ್ತವೆ, ಆ ಕೊರತೆ ತುಂಬಲು ದ್ರವ ಚರ್ಮದಿಂದ ಶಾಖ ಹೀರುತ್ತದೆ ಎಂಬ ವಿವರಣೆ ಕೊಡಬೇಕಾದದ್ದು ಇಲ್ಲೇ, ಕೈ ಇನ್ನೂ ತಣ್ಣಗಿರುವಾಗ.

ವಿವರಣೆ ಮತ್ತು ವಿಸ್ತರಣೆ (10 ನಿಮಿಷ)

ಮತ್ತೆ ತೂಗಿ, ಆರೂ ಗುಂಪುಗಳ ನಷ್ಟವನ್ನು ಹಲಗೆಯ ಕೋಷ್ಟಕಕ್ಕೆ ಏರಿಸುವುದು. ನಿರೀಕ್ಷಿತ ಕ್ರಮ: ಮಡಚಿದ್ದು ಅತಿ ಕಡಿಮೆ, ಹರಡಿದ್ದು ಹೆಚ್ಚು, ಗಾಳಿಗೆ ಹಿಡಿದದ್ದು ಇನ್ನೂ ಹೆಚ್ಚು. ಜೋಡಿ ಗುಂಪುಗಳ ಅಂಕಿ ಬೇರೆಯಾದರೆ ಅದನ್ನು ತಿದ್ದದೆ, ಕಾರಣ ಕೇಳುವುದು.

ಈಗ ಶೆಡ್ಡಿಗೆ ಮರಳುವುದು. ಹಲವು ಅಂತಸ್ತಿನ ಬಲೆಗಳು ಮೇಲ್ಮೈಗಾಗಿ, ತೆರೆದ ಬದಿಗಳು ಗಾಳಿಗಾಗಿ. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆಯ ದ್ರಾವಣದಲ್ಲಿ ಹಣ್ಣನ್ನು ಅದ್ದುವುದರಿಂದ ಸಿಪ್ಪೆಯ ಮೇಣದ ಪದರ ಸಡಿಲಗೊಂಡು ನೀರು ಸುಲಭವಾಗಿ ಹೊರಬರುತ್ತದೆ. ಬಿಸಿಲಿನಲ್ಲಿ ಬೇಗ ಒಣಗುವುದಾದರೂ ನೆರಳೇಕೆ ಎಂದು ಯಾರಾದರೂ ಕೇಳಿದರೆ ಒಳ್ಳೆಯದೇ: ನೇರ ಬಿಸಿಲಿಗೆ ಬಣ್ಣ ಕಂದಾಗುತ್ತದೆ, ನೆರಳಿನಲ್ಲಿ ಹಸಿರು ಉಳಿಯುತ್ತದೆ. ಆರ್ದ್ರತೆಯನ್ನು ತರಗತಿಯಲ್ಲಿ ಪ್ರಯೋಗ ಮಾಡಿ ತೋರಿಸಲಾಗದು. ಒಣಗಿಸುವ ಕಾಲದಲ್ಲಿ ಅಕಾಲಿಕ ಮಳೆ ಬಿದ್ದರೆ ಬೆಳೆಗಾರರು ಏಕೆ ಕಂಗಾಲಾಗುತ್ತಾರೆ ಎಂಬ ಪ್ರಶ್ನೆಯಿಂದಲೇ ಅದನ್ನು ಹೊರಡಿಸುವುದು.

ಮೌಲ್ಯಮಾಪನ (5 ನಿಮಿಷ, ಚೀಟಿ)

ಪ್ರತಿ ಸನ್ನಿವೇಶಕ್ಕೂ ಮುಖ್ಯ ಅಂಶ ಬರೆಯಿರಿ.
ಅ) ಬಸಿಗೆ ಸುರಿದ ಚಹಾ ಲೋಟದಲ್ಲಿರುವುದಕ್ಕಿಂತ ಬೇಗ ಆರುತ್ತದೆ.
ಆ) ಒರೆಸಿದ ನೆಲ ಫ್ಯಾನ್ ಹಾಕಿದಾಗ ಬೇಗ ಒಣಗುತ್ತದೆ.
ಇ) ಒಂದೇ ಅಂಗಳದಲ್ಲಿ ಚೆಲ್ಲಿದ ನೀರು ಬೆಳಿಗ್ಗೆಗಿಂತ ಏಪ್ರಿಲ್ ಮಧ್ಯಾಹ್ನ ಬೇಗ ಮಾಯವಾಗುತ್ತದೆ.
ಈ) ಮಳೆಗಾಲದಲ್ಲಿ ಮನೆಯೊಳಗೆ ಹರಡಿದ ಬಟ್ಟೆ ದಿನವಿಡೀ ಹಸಿಯಾಗಿರುತ್ತದೆ.
ಉ) ಮಣ್ಣಿನ ಗಡಿಗೆಯ ನೀರು ತಂಪಾಗಿರುವುದೇಕೆ? ಎರಡು ವಾಕ್ಯ.

ಉತ್ತರ: ಅ) ಮೇಲ್ಮೈ ವಿಸ್ತೀರ್ಣ, ಆ) ಗಾಳಿಯ ವೇಗ, ಇ) ತಾಪ, ಈ) ಆರ್ದ್ರತೆ. ಐದನೆಯದರಲ್ಲಿ ಗಡಿಗೆಯ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುತ್ತಾ ಒಳಗಿನ ನೀರಿನಿಂದ ಶಾಖ ಹೀರುತ್ತದೆ ಎಂಬುದು ಬರಬೇಕು. 'ಕಣ', 'ಶಕ್ತಿ' ಇಲ್ಲದೆ ಬರೆದದ್ದನ್ನು ಮೂರನೇ ಫಲದ ಎಣಿಕೆಗೆ ಸೇರಿಸುವುದಿಲ್ಲ.

ಮುಂದಿನ ಕ್ರಮ

ಎರಡನೇ ಫಲ 29ಕ್ಕಿಂತ ಕೆಳಗಿಳಿದರೆ ಮರುದಿನದ ಮೊದಲ ಹತ್ತು ನಿಮಿಷ, ಹೆಚ್ಚು ಮಂದಿ ತಪ್ಪಿದ ಒಂದೇ ಸನ್ನಿವೇಶವನ್ನು ಮತ್ತೆ ಮಾಡಿ ತೋರಿಸುವುದು. ಮೂರನೇ ಫಲ ಸಾಧಿಸದವರು ಸ್ಯಾನಿಟೈಸರ್ ಹನಿಯ ಚಿತ್ರ ಬರೆದು, ಹೊರಹೋಗುವ ಕಣಗಳಿಗೆ ಬಾಣ ಗುರುತು ಹಾಕಿ ಜೊತೆಗಾರನಿಗೆ ವಿವರಿಸುವರು.

ಮನೆಗೆಲಸ: ಮನೆಯಲ್ಲಿ ಅಥವಾ ಹೊಲದಲ್ಲಿ ಒಣಗಿಸುವ ಒಂದು ವಸ್ತುವನ್ನು (ಮೆಣಸಿನಕಾಯಿ, ಹಪ್ಪಳ, ಒಣದ್ರಾಕ್ಷಿ) ಆರಿಸಿ, ನಾಲ್ಕು ಅಂಶಗಳಲ್ಲಿ ಯಾವುದನ್ನು ಮನೆಯವರು ಹತೋಟಿಯಲ್ಲಿಡುತ್ತಾರೆ, ಯಾವುದನ್ನು ಇಡಲಾಗದು ಎಂದು ಅವರನ್ನೇ ಕೇಳಿ ಐದು ಸಾಲು ಬರೆದು ತರುವುದು.